ವಾಕ್ಯವೃಂದದಲ್ಲಿ ಸಮರಚನೆ

ಮಳೆಗಾಲದ ಆರಂಭದಲ್ಲಿ ಹಳ್ಳಿಗಳಲ್ಲಿ ಭೇದಿಯ ಉಪದ್ರವ ಹೆಚ್ಚುವುದುಂಟು. ಹಳ್ಳಿಯ ಪ್ರೌಢಶಾಲೆಯೊಂದರ ಆರೋಗ್ಯ ಸಂಘದವರು ಆ ವಿಷಯವಾಗಿ ಒಂದು ಸಣ್ಣ ಪ್ರಕಟಣೆಯನ್ನು ಸಿದ್ಧಪಡಿಸಬೇಕಾಗಿತ್ತೆಂದೂ, ಅದನ್ನು ಬರೆಯುವ ಕೆಲಸ ಒಂಬತ್ತನೆಯ ತರಗತಿಯ ವಿದ್ಯಾರ್ಥಿನಿಯೊಬ್ಬಳಿಗೆ ಬಂದಿತೆಂದೂ ಭಾವಿಸಬಹುದು. ಪ್ರಕಟಣೆಯನ್ನು ಗೋಡೆಗೆ ಅಂಟಿಸಿದರೆ ಸಾಲದು. ಓದಲು ಬಾರದ ತಾಯಂದಿರಿಗೂ ಅಜ್ಜಿಯರಿಗೂ ಅದನ್ನು ಗಟ್ಟಿಯಾಗಿ ಓದಿ ಹೇಳಬೇಕು. ವಿದ್ಯಾರ್ಥಿನಿಯು ಮೊದಲು ಬರೆದ ವಾಕ್ಯವೃಂದ ಹೀಗಿತ್ತು:

‘‘ಭೇದಿಯಾದಾಗ ಮಗುವಿನ ದೇಹದಿಂದ ನೀರು ಹೊರಟುಹೋಗುವುದು ಮತ್ತು ಲವಣಗಳ ನಷ್ಟ ಆಗುತ್ತದೆ. ಭೇದಿಯಾದ ಮಗುವಿನ ನೀರಿನ ಅವಶ್ಯಕತೆಯು ಆರೋಗ್ಯವಾಗಿರುವ ಮಗುವಿಗಿಂತ ಹೆಚ್ಚು. ಆದುದರಿಂದ ಉಪ್ಪುಸಕ್ಕರೆಯ ನೀರನ್ನು ಕುಡಿಸಬೇಕು. ಇದನ್ನು ಮಾಡುವವರು ಕೈಗಳು, ಪಾತ್ರೆಯನ್ನು ಮತ್ತು ಚಮಚ ತೊಳೆದುಕೊಳ್ಳಬೇಕು. ಕುದಿಸಿ ಆರಿಸಿದ ನೀರು ಒಂದು ಲೀಟರು, ಆರು ಚಹಾ ಚಮಚ ಸಕ್ಕರೆ, ಉಪ್ಪು ಅರ್ಧ ಚಹಾ ಚಮಚ ಬೆರೆಸಬೇಕು. ಸಕ್ಕರೆ ಪೂರ್ತಿಯಾಗಿ ಕರಗುವವರೆಗೆ ಕಲಕುವುದು, ರುಚಿ ನೋಡಬೇಕು, ಕಣ್ಣೀರಿಗಿಂತ ಉಪ್ಪಾಗಿದ್ದರೆ ಚೆಲ್ಲಲ್ಪಡಬೇಕು. ಎರಡು ವರ್ಷದೊಳಗಿನ ಮಗುವಿಗೆ ಪ್ರತಿ ಸಲ ಭೇದಿಯಾದ ಮೇಲೆ 50ರಿಂದ 100 ಮಿಲಿಲೀಟರು, 100ರಿಂದ 200 ಮಿಲಿಲೀಟರು ಅದಕ್ಕಿಂತ ದೊಡ್ಡ ಮಗುವಿಗೆ ಕೊಡಬೇಕು.’’

ಇದರಲ್ಲಿ ಹೇಳಿರುವ ವಿಷಯದಲ್ಲಿ ತಪ್ಪೇನೂ ಇಲ್ಲ. ಅಳತೆಗಳು ಸರಿಯಾಗಿವೆ. ಒಂದೊಂದು ಪದವೂ ಶುದ್ಧವಾಗಿದೆ. ಆದರೂ ಓದುತ್ತ ಹೋದಂತೆ ನಾಲಗೆ ಅಲ್ಲಲ್ಲಿ ಎಡವುತ್ತದೆ. ಒಂದು ಕಡೆಯಂತೂ ಕೇಳಿದವರು ಮಗುವಿನ ಪ್ರಾಣಕ್ಕೇ ಅಪಾಯ ತಂದುಕೊಳ್ಳುವಷ್ಟು ಗೊಂದಲವಿದೆ. ಇದಕ್ಕೆ ಕಾರಣ, ಒಂದೇ ಸಾಲಿನಲ್ಲಿ ನಿಲ್ಲಬೇಕಾದ ಮಾತುಗಳು ಬೇರೆ ಬೇರೆ ವ್ಯಾಕರಣ ರೂಪಗಳಲ್ಲಿ ನಿಂತಿರುವುದು. ಸಮಾನವಾದ ಅಂಶಗಳನ್ನು ಸಮಾನವಾದ ರೂಪದಲ್ಲಿ ಹೇಳುವುದಕ್ಕೆ ಸಮರಚನೆ ಎಂದು ಹೆಸರಿಡಬಹುದು. ಪಟ್ಟಿಗಳಲ್ಲಿಯೂ ಹೋಲಿಕೆಗಳಲ್ಲಿಯೂ ಇದು ತಪ್ಪುವುದು ಹೆಚ್ಚು.

ಈ ದೋಷವನ್ನು ಪ್ರಾಚೀನರೂ ಗುರುತಿಸಿದ್ದರು. ಕಾಶ್ಮೀರದ ಆಲಂಕಾರಿಕನಾದ ಮಹಿಮಭಟ್ಟನು ‘ವ್ಯಕ್ತಿವಿವೇಕ’ದಲ್ಲಿ ಇದನ್ನು ‘ಪ್ರಕ್ರಮಭೇದ’ವೆಂದು ಕರೆದು ಚರ್ಚಿಸಿದ್ದಾನೆ. ಮಮ್ಮಟನ ‘ಕಾವ್ಯಪ್ರಕಾಶ’ದಲ್ಲಿ ಇದೇ ದೋಷಕ್ಕೆ ‘ಭಗ್ನಪ್ರಕ್ರಮ’ವೆಂಬ ಹೆಸರಿದೆ. ಪ್ರಕ್ರಮವೆಂದರೆ ಆರಂಭಿಸಿದ ರೀತಿ; ಮಾತನ್ನು ಒಂದು ರೀತಿಯಲ್ಲಿ ಆರಂಭಿಸಿ ನಡುವೆ ಅದನ್ನು ಮುರಿಯುವುದೇ ಭಗ್ನಪ್ರಕ್ರಮ. ಅವರು ಕಾವ್ಯವನ್ನು ಕುರಿತು ಹೇಳಿದರು. ಪ್ರಕಟಣೆಯ ಗದ್ಯಕ್ಕೆ ಈ ಮಾತು ಕಾವ್ಯಕ್ಕಿಂತಲೂ ಹೆಚ್ಚಾಗಿ ಅನ್ವಯಿಸುತ್ತದೆ ಎಂದರೆ ತಪ್ಪಾಗಲಾರದು. ಏಕೆಂದರೆ ಕವಿತೆಯಲ್ಲಿ ಕ್ರಮ ಮುರಿದರೆ ರಸಕ್ಕೆ ಭಂಗ ಬಂದೀತು, ಇಲ್ಲಿ ಅಳತೆಯೇ ತಪ್ಪಿಹೋಗುತ್ತದೆ.

ಸಮರಚನೆ ಇದೆಯೋ ಇಲ್ಲವೋ ಎಂಬುದನ್ನು ತಿಳಿಯಲು ಒಂದು ಸುಲಭವಾದ ಪರೀಕ್ಷೆಯುಂಟು. ಪಟ್ಟಿಯಲ್ಲಿರುವ ಅಂಶಗಳನ್ನು ಒಂದರ ಕೆಳಗೊಂದರಂತೆ ಬರೆದು, ಅವೆಲ್ಲಕ್ಕೂ ಸಾಮಾನ್ಯವಾಗಿರುವ ಕ್ರಿಯಾಪದವನ್ನು ಪ್ರತಿಯೊಂದರ ಮುಂದೆಯೂ ಇಟ್ಟು ಓದಬೇಕು. ಮೊದಲನೆಯ ವಾಕ್ಯಕ್ಕೆ ಈ ಪರೀಕ್ಷೆಯನ್ನು ಮಾಡಿದರೆ ಹೀಗಾಗುತ್ತದೆ:

ನೀರು ಹೊರಟುಹೋಗುವುದು ಆಗುತ್ತದೆ.
ಲವಣಗಳ ನಷ್ಟ ಆಗುತ್ತದೆ.

ಎರಡನೆಯದು ಸರಿಯಾಗಿದೆ, ಮೊದಲನೆಯದನ್ನು ಕನ್ನಡಿಗರು ಯಾರೂ ಹಾಗೆ ಆಡುವುದಿಲ್ಲ. ‘ಹೊರಟುಹೋಗುವುದು’ ಎಂಬುದು ಕ್ರಿಯೆಯಿಂದ ಹುಟ್ಟಿದ ರೂಪ, ‘ನಷ್ಟ’ ಎಂಬುದು ಹೆಸರು. ಇವೆರಡನ್ನೂ ಒಂದೇ ನೊಗಕ್ಕೆ ಕಟ್ಟಿದ್ದರಿಂದ ಎಳೆತ ಸರಿಹೋಗಲಿಲ್ಲ. ‘ನೀರಿನ ನಷ್ಟವೂ ಲವಣಗಳ ನಷ್ಟವೂ ಆಗುತ್ತವೆ’ ಎಂದು ತಿದ್ದಿದರೆ ರೂಪ ಸಮವಾಗುತ್ತದೆ. ಹಾಗೆ ಸಮವಾದೊಡನೆ ‘ನಷ್ಟ’ ಎಂಬ ಮಾತು ಎರಡು ಸಲ ಬಂದಿರುವುದು ಕಣ್ಣಿಗೆ ಬೀಳುತ್ತದೆ. ಆಗ ಅದನ್ನು ಕ್ರಿಯಾಪದಕ್ಕೆ ಸೇರಿಸಿ ‘ನೀರೂ ಲವಣಗಳೂ ನಷ್ಟವಾಗುತ್ತವೆ’ ಎಂದು ಮುಗಿಸಬಹುದು. ಪಟ್ಟಿಯಲ್ಲಿ ಈಗ ಉಳಿದಿರುವುದು ಎರಡೇ ಹೆಸರುಗಳು.

ಈ ವಾಕ್ಯದಲ್ಲಿ ‘ಮತ್ತು’ ಹೋಗಿ ‘ಊ’ ಬಂದುದನ್ನು ಗಮನಿಸಬೇಕು. ಕೊನೆಯ ಅಂಶದ ಹಿಂದೆ ಮಾತ್ರ ‘ಮತ್ತು’ ಎಂದು ಸೇರಿಸುವುದು ಈಗ ರೂಢಿಯಾಗಿದ್ದರೂ, ಹಳಗನ್ನಡದ ‘ಉಂ’ ಎಂಬುದರಿಂದ ಬಂದ ಈ ‘ಊ’ ಕನ್ನಡದ ಜಾಯಮಾನಕ್ಕೆ ಹೆಚ್ಚು ಒಗ್ಗಿದ್ದು. ಅದು ಪ್ರತಿಯೊಂದು ಅಂಶಕ್ಕೂ ಅಂಟಿಕೊಳ್ಳುತ್ತದೆ. ಮೊದಲನೆಯ ಅಂಶಕ್ಕೆ ‘ಊ’ ಹಚ್ಚಿದ ಮೇಲೆ ಎರಡನೆಯದಕ್ಕೂ ಅದು ಬರಲೆಂದು ಕಿವಿ ಕಾಯುತ್ತದೆ. ಬಾರದಿದ್ದರೆ ಬರೆದವರಿಗೇ ಕೊರತೆ ಕೇಳಿಸುತ್ತದೆ. ಹೀಗೆ ಸಮರಚನೆಯನ್ನು ಕಾಯುವ ಒಂದು ಕಾವಲು ಭಾಷೆಯಲ್ಲಿಯೇ ಇದೆ.

‘ಕೈಗಳು, ಪಾತ್ರೆಯನ್ನು ಮತ್ತು ಚಮಚ ತೊಳೆದುಕೊಳ್ಳಬೇಕು’ ಎಂಬಲ್ಲಿ ತಪ್ಪಿರುವುದು ವಿಭಕ್ತಿ. ಮೂರು ವಸ್ತುಗಳಲ್ಲಿ ಒಂದಕ್ಕೆ ಮಾತ್ರ ದ್ವಿತೀಯಾ ವಿಭಕ್ತಿಯ ಪ್ರತ್ಯಯವಿದೆ. ಕನ್ನಡದಲ್ಲಿ ಇದಕ್ಕೆ ಎರಡು ಶುದ್ಧವಾದ ದಾರಿಗಳಿವೆ. ಪ್ರತಿಯೊಂದು ಪದಕ್ಕೂ ಪ್ರತ್ಯಯವನ್ನು ಹಚ್ಚಿ ‘ಕೈಗಳನ್ನೂ ಪಾತ್ರೆಯನ್ನೂ ಚಮಚವನ್ನೂ’ ಎನ್ನಬಹುದು. ಇಲ್ಲವೇ ಗಿಡಮರಬಳ್ಳಿಗಳನ್ನು ಎನ್ನುವಂತೆ ದ್ವಂದ್ವ ಸಮಾಸ ಮಾಡಿ, ಎಲ್ಲಕ್ಕೂ ಸೇರಿ ಕೊನೆಯಲ್ಲಿ ಒಂದೇ ಪ್ರತ್ಯಯವನ್ನು ಹಚ್ಚಬಹುದು. ಒಂದು ದಾರಿಯಲ್ಲಿ ಹೊರಟು ನಡುವೆ ಇನ್ನೊಂದಕ್ಕೆ ಹಾರಬಾರದು. ಸಮಾಸವಾದಾಗ ಪದಗಳು ಒಂದು ಗುಂಪಾಗಿ ಕೇಳಿಸುತ್ತವೆ. ಬಿಡಿಬಿಡಿಯಾಗಿ ಹೇಳಿದಾಗ ಪ್ರತಿಯೊಂದೂ ನೆನಪಿನಲ್ಲಿ ನಿಲ್ಲುತ್ತದೆ. ಕೈ ತೊಳೆದವರು ಚಮಚವನ್ನು ಮರೆಯಬಾರದೆಂಬುದು ಇಲ್ಲಿಯ ಉದ್ದೇಶವಾದುದರಿಂದ ಬಿಡಿಯಾಗಿ ಹೇಳುವುದೇ ಲೇಸು.

ಇನ್ನು ಇಡೀ ಪ್ರಕಟಣೆಯ ತಿರುಳಾದ ವಾಕ್ಯ. ‘ಕುದಿಸಿ ಆರಿಸಿದ ನೀರು ಒಂದು ಲೀಟರು, ಆರು ಚಹಾ ಚಮಚ ಸಕ್ಕರೆ, ಉಪ್ಪು ಅರ್ಧ ಚಹಾ ಚಮಚ’ ಎಂಬ ಈ ಪಟ್ಟಿಯಲ್ಲಿ ನೀರಿನ ವಿಷಯದಲ್ಲಿ ವಸ್ತು ಮೊದಲು, ಅಳತೆ ಅನಂತರ. ಸಕ್ಕರೆಯ ವಿಷಯದಲ್ಲಿ ಅಳತೆ ಮೊದಲು, ವಸ್ತು ಅನಂತರ. ಉಪ್ಪಿಗೆ ಬಂದಾಗ ಕ್ರಮ ಮತ್ತೆ ತಿರುಗಿದೆ. ಕಾಗದದ ಮೇಲೆ ಅಲ್ಪವಿರಾಮಗಳು ಇರುವುದರಿಂದ ಓದುವವರು ಹೇಗೋ ತಿಳಿದುಕೊಂಡಾರು. ಕೇಳುವವರಿಗೆ ಅಲ್ಪವಿರಾಮ ಕಾಣುವುದಿಲ್ಲ. ಅವರ ಕಿವಿಗೆ ಬೀಳುವುದು ‘ಆರು ಚಹಾ ಚಮಚ ಸಕ್ಕರೆ ಉಪ್ಪು’ ಎಂಬ ಮಾತು. ಸಕ್ಕರೆ, ಉಪ್ಪು ಎಂಬ ಎರಡು ಪದಗಳು ಪಕ್ಕಪಕ್ಕದಲ್ಲಿ ಬಂದುದರಿಂದ ಅವು ಜೋಡಿಪದವಾಗಿಬಿಡುತ್ತವೆ. ಹಿಂದಿನ ವಾಕ್ಯವೊಂದರಲ್ಲಿ ‘ಉಪ್ಪುಸಕ್ಕರೆಯ ನೀರು’ ಎಂಬ ಸಮಾಸವೂ ಬಂದಿರುವುದರಿಂದ ಆ ಜೋಡಿಗೆ ಕಿವಿ ಮೊದಲೇ ಪಳಗಿರುತ್ತದೆ. ಆಗ ಉಪ್ಪಿಗೂ ಆರು ಚಮಚದ ಅಳತೆಯೇ ಅಂಟಿಕೊಳ್ಳುತ್ತದೆ. ಮುಂದೆ ಬರುವ ‘ಅರ್ಧ ಚಹಾ ಚಮಚ’ ಯಾವುದಕ್ಕೂ ಸೇರದೆ ಉಳಿಯುತ್ತದೆ. ಕೇಳಿದವರು ಅದನ್ನು ಏನೋ ಒಂದು ಹೆಚ್ಚಿಗೆಯ ಅಳತೆಯೆಂದು ಎಣಿಸಬಹುದು.

ಇದು ಸಣ್ಣ ತಪ್ಪಲ್ಲ. ಉಪ್ಪು ಮಿತಿಮೀರಿದ ನೀರು ದೇಹದ ಜೀವಕೋಶಗಳಿಂದಲೇ ನೀರನ್ನು ಹೊರಗೆಳೆಯುತ್ತದೆ. ಕಳೆದುಹೋದ ನೀರನ್ನು ತುಂಬಿಕೊಡಬೇಕಾದ ಪಾನೀಯವೇ ಮಗುವನ್ನು ಇನ್ನಷ್ಟು ಒಣಗಿಸುತ್ತದೆ. ಸೆಳೆತ ಬರುವುದೂ ಉಂಟು. ಆದುದರಿಂದಲೇ ಒಂದು ಲೀಟರು ನೀರಿಗೆ ಉಪ್ಪು ಅರ್ಧ ಚಹಾ ಚಮಚವನ್ನು ಮೀರಬಾರದೆಂದೂ, ಚಮಚವನ್ನು ರಾಶಿಯಾಗಿ ತುಂಬದೆ ಅಂಚಿಗೆ ಸಮಮಾಡಿ ಅಳೆಯಬೇಕೆಂದೂ ವೈದ್ಯರು ಹೇಳುವುದು.

ಇದನ್ನು ತಿದ್ದುವ ಬಗೆ ಹೇಗೆ? ಅಂಗಡಿಯ ಚೀಟಿಯಲ್ಲಿ ಬರೆಯುವಂತೆ ಎಲ್ಲ ಕಡೆಯೂ ವಸ್ತುವನ್ನೇ ಮೊದಲು ಇಟ್ಟು ‘ನೀರು ಒಂದು ಲೀಟರು, ಸಕ್ಕರೆ ಆರು ಚಹಾ ಚಮಚ, ಉಪ್ಪು ಅರ್ಧ ಚಹಾ ಚಮಚ’ ಎಂದು ಬರೆಯಬಹುದು. ರೂಪವೇನೋ ಸಮವಾಯಿತು. ಆದರೆ ನಿಲ್ಲಿಸದೆ ಓದಿದರೆ ‘ಆರು ಚಹಾ ಚಮಚ ಉಪ್ಪು’ ಎಂಬ ಮಾತು ನಡುವೆ ಮತ್ತೆ ಕೇಳಿಸುತ್ತದೆ! ಬರಿಯ ಕ್ರಮ ಸಮವಾದರೆ ಕೆಲವು ವೇಳೆ ಸಾಲುವುದಿಲ್ಲವೆಂಬುದಕ್ಕೆ ಇದೇ ಉದಾಹರಣೆ. ಒಂದು ಅಂಶ ಎಲ್ಲಿ ಮುಗಿಯಿತು, ಇನ್ನೊಂದು ಎಲ್ಲಿ ತೊಡಗಿತು ಎಂಬುದು ಕಿವಿಗೂ ತಿಳಿಯಬೇಕು. ಆ ಕೆಲಸವನ್ನು ಕನ್ನಡದಲ್ಲಿ ಪದದ ಕೊನೆಯಲ್ಲಿರುವ ಪ್ರತ್ಯಯ ಮಾಡುತ್ತದೆ. ‘ಒಂದು ಲೀಟರು ನೀರಿಗೆ ಆರು ಚಹಾ ಚಮಚ ಸಕ್ಕರೆಯನ್ನೂ ಅರ್ಧ ಚಹಾ ಚಮಚ ಉಪ್ಪನ್ನೂ ಹಾಕಬೇಕು’ ಎಂದಾಗ ‘ಸಕ್ಕರೆಯನ್ನೂ’ ಎಂಬಲ್ಲಿಯ ‘ಅನ್ನೂ’ ಗೋಡೆಯಂತೆ ನಿಲ್ಲುತ್ತದೆ. ಆರು ಚಮಚದ ಅಳತೆ ಆ ಗೋಡೆಯನ್ನು ದಾಟಿ ಉಪ್ಪಿನ ಬಳಿಗೆ ಹೋಗಲಾರದು.

ಈ ತಿದ್ದುಪಡಿಯಲ್ಲಿ ನೀರು ಪಟ್ಟಿಯಿಂದ ಹೊರಗೆ ಬಂದುದೂ ಸರಿಯೇ. ಸಕ್ಕರೆ, ಉಪ್ಪು ಇವೆರಡೂ ಹಾಕುವ ವಸ್ತುಗಳು. ನೀರು ಅವುಗಳನ್ನು ಹಾಕಿಸಿಕೊಳ್ಳುವುದು. ಕೆಲಸ ಬೇರೆಯಾದ ಮೇಲೆ ವಿಭಕ್ತಿಯೂ ಬೇರೆಯಾಗಬೇಕು. ಆದುದರಿಂದ ಅದು ‘ನೀರಿಗೆ’ ಎಂದು ಚತುರ್ಥಿಯಲ್ಲಿ ನಿಂತಿತು.

ಮಾತಿನ ರೂಪಕ್ಕೆ ಇಷ್ಟು ಬೆಲೆಯುಂಟೆ ಎಂದು ಸಂದೇಹಪಡುವವರು ಈ ಪಾನೀಯದ ಚರಿತ್ರೆಯನ್ನೇ ನೋಡಬಹುದು. 1971ರಲ್ಲಿ ಬಾಂಗ್ಲಾದೇಶದ ಯುದ್ಧದ ಕಾಲದಲ್ಲಿ ಪಶ್ಚಿಮ ಬಂಗಾಳದ ಬನಗಾಂವ್ ಎಂಬಲ್ಲಿ ನಿರಾಶ್ರಿತರಿಗೆ ಕಾಲರಾ ತಗಲಿದಾಗ, ಡಾಕ್ಟರ್ ದಿಲೀಪ್ ಮಹಲನಬೀಸ್ ಅವರು ಲವಣ ಮತ್ತು ಗ್ಲೂಕೋಸ್ ಬೆರೆತ ನೀರನ್ನು ರೋಗಿಗಳ ಬಂಧುಗಳ ಕೈಯಿಂದಲೇ ಕುಡಿಸಿ ಬಹಳ ಜನರನ್ನು ಉಳಿಸಿದರು. ಅನಂತರ 1980ರಿಂದ 1990ರವರೆಗೆ ಬಾಂಗ್ಲಾದೇಶದ ‘ಬ್ರ್ಯಾಕ್’ ಸಂಸ್ಥೆಯ ಕಾರ್ಯಕರ್ತೆಯರು ಒಂದು ಕೋಟಿಗೂ ಹೆಚ್ಚು ಮನೆಗಳಿಗೆ ಹೋಗಿ, ಉಪ್ಪನ್ನೂ ಬೆಲ್ಲವನ್ನೂ ಅಳೆದು ಈ ಪಾನೀಯವನ್ನು ಮಾಡುವ ಕ್ರಮವನ್ನು ತಾಯಂದಿರಿಗೆ ಬಾಯಿಮಾತಿನಲ್ಲಿ ಕಲಿಸಿದರು. ಹೇಳಿದುದರಲ್ಲಿ ತಾಯಂದಿರಿಗೆ ಎಷ್ಟು ನೆನಪಿದೆ ಎಂಬುದನ್ನು ಆಮೇಲೆ ಪರೀಕ್ಷಿಸಿ, ಅದಕ್ಕೆ ತಕ್ಕಂತೆ ಕಾರ್ಯಕರ್ತೆಯರಿಗೆ ಸಂಬಳ ಕೊಡಲಾಗುತ್ತಿತ್ತು. ಹೇಳಿದ್ದೇನೆ ಎಂಬುದಕ್ಕಲ್ಲ, ಕೇಳಿದವರಿಗೆ ತಿಳಿದಿದೆ ಎಂಬುದಕ್ಕೆ ಅಲ್ಲಿ ಬೆಲೆಯಿತ್ತು.

ಮಗುವಿನ ವಯಸ್ಸಿಗೆ ತಕ್ಕ ಅಳತೆಯನ್ನು ಹೇಳುವ ಕೊನೆಯ ವಾಕ್ಯದಲ್ಲಿಯೂ ಇದೇ ದೋಷವಿದೆ. ಒಂದು ಕಡೆ ಮಗು ಮೊದಲು, ಇನ್ನೊಂದು ಕಡೆ ಅಳತೆ ಮೊದಲು ಬಂದು, ಎರಡು ಅಳತೆಗಳು ನಡುವೆ ಒಂದನ್ನೊಂದು ಢಿಕ್ಕಿ ಹೊಡೆದಿವೆ. ಎರಡು ಕಡೆಯೂ ಮಗುವನ್ನೇ ಮೊದಲು ಹೇಳಿದರೆ ಸಾಕು.

ಹೋಲಿಕೆಯ ವಾಕ್ಯ ಒಂದೇ ಇದ್ದರೂ ಅದರ ದೋಷ ಸುಲಭವಾಗಿ ಕಾಣುವಂಥದಲ್ಲ. ‘ಭೇದಿಯಾದ ಮಗುವಿನ ನೀರಿನ ಅವಶ್ಯಕತೆಯು ಆರೋಗ್ಯವಾಗಿರುವ ಮಗುವಿಗಿಂತ ಹೆಚ್ಚು’ ಎಂಬಲ್ಲಿ ತಕ್ಕಡಿಯ ಒಂದು ತಟ್ಟೆಯಲ್ಲಿರುವುದು ಅವಶ್ಯಕತೆ, ಇನ್ನೊಂದರಲ್ಲಿರುವುದು ಮಗು! ಅವಶ್ಯಕತೆಯನ್ನು ಅವಶ್ಯಕತೆಯೊಡನೆ, ಮಗುವನ್ನು ಮಗುವಿನೊಡನೆ ತೂಗಬೇಕು. ‘ಆರೋಗ್ಯವಾಗಿರುವ ಮಗುವಿನ ಅವಶ್ಯಕತೆಗಿಂತ ಹೆಚ್ಚು’ ಎಂದರೆ ವ್ಯಾಕರಣ ಸರಿಹೋಗುತ್ತದೆ, ಆದರೆ ವಾಕ್ಯ ಭಾರವಾಗುತ್ತದೆ. ‘ಗಿಂತ’ ಎಂಬುದು ಚತುರ್ಥಿಯ ರೂಪಕ್ಕೆ ಹತ್ತಿಕೊಂಡು ಬರುವುದರಿಂದ, ಹೋಲಿಕೆಯ ಮೊದಲ ಭಾಗವನ್ನೂ ಚತುರ್ಥಿಗೆ ತಂದರೆ ಎರಡೂ ಸಹಜವಾಗಿ ಜೊತೆಗೂಡುತ್ತವೆ: ‘ಭೇದಿಯಾದ ಮಗುವಿಗೆ ಆರೋಗ್ಯವಾಗಿರುವ ಮಗುವಿಗಿಂತ ಹೆಚ್ಚು ನೀರು ಬೇಕು.’

ಆದರೆ ‘ಗಿಂತ’ ಇದ್ದ ಕಡೆಯಲ್ಲೆಲ್ಲ ಈ ಉಪಾಯ ಸಾಲದು. ‘ತಾಯಿಯು ಮಗುವಿಗೆ ಅಜ್ಜಿಗಿಂತ ಹೆಚ್ಚು ನೀರು ಕುಡಿಸಿದಳು’ ಎಂಬ ವಾಕ್ಯವನ್ನು ತೆಗೆದುಕೊಳ್ಳಬಹುದು. ಅಜ್ಜಿಯೂ ಮಗುವಿಗೆ ನೀರು ಕುಡಿಸಿದ್ದಳೆ, ಅಥವಾ ಅಜ್ಜಿಯೂ ಕಾಯಿಲೆ ಬಿದ್ದು ತಾಯಿಯ ಕೈಯಿಂದ ನೀರು ಕುಡಿದಿದ್ದಳೆ? ಎರಡರ್ಥವೂ ಹೊರಡುತ್ತದೆ. ಅಜ್ಜಿಯನ್ನು ತಾಯಿಯ ಜೊತೆಗೆ ನಿಲ್ಲಿಸಬೇಕೋ ಮಗುವಿನ ಜೊತೆಗೆ ನಿಲ್ಲಿಸಬೇಕೋ ಎಂಬುದನ್ನು ವಾಕ್ಯ ಹೇಳುವುದಿಲ್ಲ. ಇಂತಹ ಕಡೆ ಕ್ರಿಯೆಯನ್ನು ಇನ್ನೊಮ್ಮೆ ಹೇಳಲೇಬೇಕು. ‘ಅಜ್ಜಿ ಕುಡಿಸಿದುದಕ್ಕಿಂತ’ ಎಂದರೆ ಅಜ್ಜಿ ತಾಯಿಯ ಸಾಲಿಗೆ ಬರುತ್ತಾಳೆ. ‘ಅಜ್ಜಿಗೆ ಕುಡಿಸಿದುದಕ್ಕಿಂತ’ ಎಂದರೆ ಮಗುವಿನ ಸಾಲಿಗೆ ಹೋಗುತ್ತಾಳೆ. ಒಂದು ‘ಗೆ’ಕಾರದಿಂದ ಅರ್ಥ ಇತ್ಯರ್ಥವಾಯಿತು.

‘ಕಲಕುವುದು, ರುಚಿ ನೋಡಬೇಕು, ಚೆಲ್ಲಲ್ಪಡಬೇಕು’ ಎಂಬ ಮೂರು ಕ್ರಿಯೆಗಳಲ್ಲಿ ಮೂರು ಬಗೆಯ ರೂಪಗಳಿವೆ. ‘ಚೆಲ್ಲಲ್ಪಡಬೇಕು’ ಎಂಬ ಕರ್ಮಣಿ ಪ್ರಯೋಗವಂತೂ ಕನ್ನಡದ ಕಿವಿಗೆ ಒರಟು. ಇವೆಲ್ಲವನ್ನೂ ‘ಕಲಕಬೇಕು, ರುಚಿ ನೋಡಬೇಕು, ಚೆಲ್ಲಬೇಕು’ ಎಂದು ಮಾಡಿದರೆ ರೂಪ ಒಂದಾಗುತ್ತದೆ. ಆದರೆ ಅರ್ಥ ಕೆಡುತ್ತದೆ. ಕಲಕುವುದನ್ನೂ ರುಚಿ ನೋಡುವುದನ್ನೂ ಎಲ್ಲರೂ ಮಾಡಬೇಕು. ಚೆಲ್ಲುವುದಾದರೋ ಉಪ್ಪು ಹೆಚ್ಚಾದಾಗ ಮಾತ್ರ. ಅದು ಆ ಸಾಲಿಗೆ ಸೇರಿದ್ದಲ್ಲ. ಅದನ್ನು ಪ್ರತ್ಯೇಕವಾದ ವಾಕ್ಯಕ್ಕೆ ತೆಗೆದು, ಉಳಿದ ಎರಡನ್ನು ‘ಕಲಕಿ ರುಚಿ ನೋಡಬೇಕು’ ಎಂದು ಜೋಡಿಸುವುದು ಉಚಿತ. ‘ಕಲಕಿ’ ಎಂಬ ಕೃದಂತಾವ್ಯಯವು ಮೊದಲು ಕಲಕುವುದು, ಆಮೇಲೆ ರುಚಿ ನೋಡುವುದು ಎಂಬ ಕಾಲಕ್ರಮವನ್ನೂ ತಿಳಿಸುತ್ತದೆ. ‘ಊ’ ಎಂಬುದಕ್ಕೆ ಆ ಶಕ್ತಿಯಿಲ್ಲ. ಹಿಂದುಮುಂದಾದರೆ ಬಾಧಕವಿಲ್ಲದ ಅಂಶಗಳಿಗೆ ‘ಊ’, ಒಂದಾದ ಮೇಲೆ ಒಂದು ನಡೆಯಬೇಕಾದ ಕ್ರಿಯೆಗಳಿಗೆ ಕೃದಂತಾವ್ಯಯ ಎಂದು ಆರಿಸಿಕೊಳ್ಳಬೇಕು.

ತಿದ್ದುವ ಹುರುಪಿನಲ್ಲಿ ಸಮವಲ್ಲದುದನ್ನು ಸಮಮಾಡುವ ಅಪಾಯ ಇನ್ನೂ ಒಂದು ಕಡೆ ಇದೆ. ಪ್ರಕಟಣೆಯನ್ನು ನೋಡಿದ ಅಧ್ಯಾಪಕರು, ಆರೋಗ್ಯ ಕೇಂದ್ರದಲ್ಲಿಯೂ ಆಶಾ ಕಾರ್ಯಕರ್ತೆಯ ಬಳಿಯಲ್ಲಿಯೂ ದೊರೆಯುವ ಓ.ಆರ್.ಎಸ್. ಪೊಟ್ಟಣದ ವಿಷಯವನ್ನು ಸೇರಿಸಲು ಹೇಳಿದರೆನ್ನಬಹುದು. ‘ಪೊಟ್ಟಣದ ದ್ರಾವಣವನ್ನಾಗಲಿ ಮನೆಯಲ್ಲಿ ಮಾಡಿದ ದ್ರಾವಣವನ್ನಾಗಲಿ ಕುಡಿಸಬಹುದು’ ಎಂದು ಬರೆದರೆ ಸಮರಚನೆಗೆ ಇದಕ್ಕಿಂತ ಒಳ್ಳೆಯ ಮಾದರಿ ಸಿಗದು. ಆದರೂ ಆ ವಾಕ್ಯ ಸಲ್ಲದು. ಪೊಟ್ಟಣದಲ್ಲಿ ಪೊಟ್ಯಾಸಿಯಂ ಮೊದಲಾದ ಬೇರೆ ಲವಣಗಳೂ ತಕ್ಕ ಪ್ರಮಾಣದಲ್ಲಿರುತ್ತವೆ. ಮನೆಯ ದ್ರಾವಣದಲ್ಲಿ ಅವಿಲ್ಲ, ಅಳತೆ ತಪ್ಪುವ ಭಯವೂ ಉಂಟು. ಪೊಟ್ಟಣವೇ ಮೊದಲನೆಯದು, ಅದು ಸಿಗದಾಗ ಮಾತ್ರ ಇನ್ನೊಂದು. ಇಲ್ಲಿ ಎರಡಕ್ಕೂ ಒಂದೇ ರೂಪವನ್ನು ಕೊಟ್ಟರೆ ಎರಡಕ್ಕೂ ಒಂದೇ ಬೆಲೆಯೆಂದು ಹೇಳಿದಂತಾಗುತ್ತದೆ. ಅಸಮವಾದುದನ್ನು ಅಸಮವಾಗಿಯೇ ಹೇಳಬೇಕು.

ಇವೆಲ್ಲವನ್ನೂ ಅನುಸರಿಸಿ ವಿದ್ಯಾರ್ಥಿನಿಯು ತನ್ನ ವಾಕ್ಯವೃಂದವನ್ನು ಮತ್ತೆ ಬರೆದಾಗ ಅದು ಈ ರೂಪವನ್ನು ತಾಳಿತು:

‘‘ಭೇದಿಯಾದಾಗ ಮಗುವಿನ ದೇಹದಿಂದ ನೀರೂ ಲವಣಗಳೂ ನಷ್ಟವಾಗುತ್ತವೆ. ಆದುದರಿಂದ ಭೇದಿಯಾದ ಮಗುವಿಗೆ ಆರೋಗ್ಯವಾಗಿರುವ ಮಗುವಿಗಿಂತ ಹೆಚ್ಚು ನೀರು ಬೇಕು. ಕೂಡಲೆ ಓ.ಆರ್.ಎಸ್. ಪೊಟ್ಟಣವನ್ನು ತಂದು, ಅದರ ಮೇಲೆ ಹೇಳಿರುವಷ್ಟು ನೀರಿನಲ್ಲಿ ಕರಗಿಸಿ ಕುಡಿಸಬೇಕು. ಪೊಟ್ಟಣ ಸಿಗದಿದ್ದರೆ ಮನೆಯಲ್ಲಿಯೇ ಪಾನೀಯವನ್ನು ಮಾಡಬಹುದು. ಮಾಡುವವರು ಕೈಗಳನ್ನೂ ಪಾತ್ರೆಯನ್ನೂ ಚಮಚವನ್ನೂ ತೊಳೆದುಕೊಳ್ಳಬೇಕು. ಕುದಿಸಿ ಆರಿಸಿದ ಒಂದು ಲೀಟರು ನೀರಿಗೆ, ಅಂಚಿಗೆ ಸಮಮಾಡಿ ಅಳೆದ ಆರು ಚಹಾ ಚಮಚ ಸಕ್ಕರೆಯನ್ನೂ ಅರ್ಧ ಚಹಾ ಚಮಚ ಉಪ್ಪನ್ನೂ ಹಾಕಬೇಕು. ಸಕ್ಕರೆ ಪೂರ್ತಿಯಾಗಿ ಕರಗುವವರೆಗೆ ಕಲಕಿ ರುಚಿ ನೋಡಬೇಕು. ಅದು ಕಣ್ಣೀರಿಗಿಂತ ಉಪ್ಪಾಗಿದ್ದರೆ ಚೆಲ್ಲಿ ಹೊಸದಾಗಿ ಮಾಡಬೇಕು. ಪ್ರತಿ ಸಲ ಭೇದಿಯಾದ ಮೇಲೆ ಎರಡು ವರ್ಷದೊಳಗಿನ ಮಗುವಿಗೆ 50ರಿಂದ 100 ಮಿಲಿಲೀಟರನ್ನೂ, ಅದಕ್ಕಿಂತ ದೊಡ್ಡ ಮಗುವಿಗೆ 100ರಿಂದ 200 ಮಿಲಿಲೀಟರನ್ನೂ ಕೊಡಬೇಕು. ಮಗುವಿನ ಕಣ್ಣು ಗುಳಿಬಿದ್ದರೆ, ಮಲದಲ್ಲಿ ರಕ್ತ ಕಂಡರೆ, ಅಥವಾ ಮಗು ಕುಡಿಯಲಾರದೆ ಮಂಕಾದರೆ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಬೇಕು.’’

ಕೊನೆಯ ವಾಕ್ಯವನ್ನು ಅವಳು ತಾನಾಗಿಯೇ ಸೇರಿಸಿದಳು. ಅದರಲ್ಲಿರುವ ‘ಗುಳಿಬಿದ್ದರೆ, ಕಂಡರೆ, ಮಂಕಾದರೆ’ ಎಂಬ ಮೂರು ರೂಪಗಳನ್ನು ಯಾರೂ ತಿದ್ದಬೇಕಾಗಲಿಲ್ಲ. ಅಲ್ಲಿ ‘ಊ’ ಎಂಬುದರ ಬದಲು ‘ಅಥವಾ’ ಬಂದಿರುವುದೂ ಬೇಕೆಂದೇ. ಮೂರು ಚಿಹ್ನೆಗಳೂ ಒಟ್ಟಿಗೆ ಕಾಣಿಸಿಕೊಳ್ಳಲೆಂದು ಕಾಯಬಾರದು. ಯಾವುದಾದರೂ ಒಂದು ಕಂಡರೂ ಹೊರಡಬೇಕು.